ಹೊಸ ರ‍್ಯಾಮ್ ಹಾಕಿದರೂ ಲ್ಯಾಪ್‌ಟಾಪ್ ಹಳೆಯ ಲೆಕ್ಕವನ್ನೇ ಹೇಳುತ್ತಿದೆಯೇ?

ಕಾಸರಗೋಡಿನ ಕಡೆ ಈಗ ರ‍್ಯಾಮ್ ಬೇಕೆಂದು ಮಂಗಳೂರಿಗೆ ಬಸ್ ಹತ್ತುವವರು ಕಡಿಮೆ. ಆನ್‌ಲೈನ್‌ನಲ್ಲಿ ತರಿಸಿ, ಒಂದು ವಿಡಿಯೊ ನೋಡಿ, ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ಹಾಕಿದ ಮೇಲೂ 4 ಜಿಬಿ ಎಂದೇ ತೋರಿಸಿದರೆ ‘ಡೂಪ್ಲಿಕೇಟ್ ಕಳಿಸಿದ್ದಾರೆ’ ಎಂದು ತೀರ್ಮಾನಿಸಿ ಮರಳಿಸುವವರೇ ಹೆಚ್ಚು. ಹಾಗೆ ಬೈಸಿಕೊಂಡ ಎಷ್ಟೋ ರ‍್ಯಾಮ್‌ಗಳಲ್ಲಿ ಯಾವ ದೋಷವೂ ಇರುವುದಿಲ್ಲ. ಕೂರಿಸಿದ ಕೈಯಲ್ಲಿ ಇರುತ್ತದೆ.

ಮೊದಲು, ಲ್ಯಾಪ್‌ಟಾಪ್‌ಗೆ ರ‍್ಯಾಮ್ ಕಾಣಿಸುತ್ತಿಲ್ಲವೇ ಅಥವಾ ಕಂಡೂ ಬಳಕೆಗೆ ಬರುತ್ತಿಲ್ಲವೇ ಎಂದು ತಿಳಿಯಿರಿ. ಟಾಸ್ಕ್ ಮ್ಯಾನೇಜರ್ ತೆರೆದು Performance ಪುಟದಲ್ಲಿ Memory ಒತ್ತಿದರೆ Slots used ಎಂಬ ಸಾಲು ಕಾಣುತ್ತದೆ. ಅಲ್ಲಿ 1 of 2 ಎಂದಿದ್ದರೆ ಎರಡನೆಯದು ಕಂಡೇ ಇಲ್ಲ. 2 of 2 ಎಂದಿದ್ದೂ ಮೂರು ಜಿಬಿಯಷ್ಟೇ ಬಳಕೆಯಾಗುತ್ತಿದ್ದರೆ ನಿಮ್ಮ ವಿಂಡೋಸ್ 32 ಬಿಟ್‌ನದು ಇರಬೇಕು. ಅದನ್ನು ಬದಲಿಸದೆ ಸ್ಕ್ರೂ ಬಿಚ್ಚಿ ಪ್ರಯೋಜನವಿಲ್ಲ. ವಿಂಡೋಸ್‌ಗಿಂತ ಮೊದಲೇ ಓಡುವ ಬಯಾಸ್ ತೆರೆದು ನೋಡುವುದು ಇನ್ನೂ ಒಳ್ಳೆಯದು. ವಿಂಡೋಸ್‌ನ ಯಾವ ತಕರಾರೂ ಅಲ್ಲಿಗೆ ತಲುಪುವುದಿಲ್ಲ.

ಮುಂದಿನದು ಹೊಂದಾಣಿಕೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪಿದ್ದು ಒಳಗೆ ಹೋಗುವುದೇ ಇಲ್ಲ, ಒತ್ತಾಯ ಮಾಡಬೇಡಿ. ಮೋಸ ಹೋಗುವುದು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ. ಚೀಟಿಯಲ್ಲಿ PC3 ಎಂದಿರುವುದು 1.5 ವೋಲ್ಟ್‌ನದು, PC3L ಎಂದಿರುವುದು 1.35 ವೋಲ್ಟ್‌ನದು. ಎರಡೂ ಒಂದೇ ಸ್ಲಾಟ್‌ಗೆ ಕೂರುತ್ತವೆ. ಆದರೆ ಇಂಟೆಲ್ ನಾಲ್ಕನೆಯ ತಲೆಮಾರಿನಿಂದ ಈಚೆಗೆ ಬಂದ ಡಿಡಿಆರ್3 ಲ್ಯಾಪ್‌ಟಾಪ್‌ಗಳು ಬಹುತೇಕ L ಇರುವುದನ್ನೇ ಕೇಳುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಒಂದು ಅಕ್ಷರವನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಚೀಟಿ ಕಿತ್ತು ಹೋದದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ವೇಗ ಬೇರೆಯಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ನಿಮ್ಮ ಮಾದರಿಯ ಪ್ರತಿ ಸ್ಲಾಟ್ ಗರಿಷ್ಠ ಎಷ್ಟು ಜಿಬಿ ತೆಗೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ತಯಾರಕರ ಪುಟದಲ್ಲಿ ನೋಡಿಕೊಳ್ಳಿ.

ಇನ್ನು ಕೂರಿಸುವುದು. ನೂರಕ್ಕೆ ನೂರು ಜನ ‘ಸರಿಯಾಗಿಯೇ ಕೂರಿಸಿದ್ದೇನೆ’ ಎಂದು ಹೇಳುವ ಕೆಲಸವಿದು.

ಶಿಫ್ಟ್ ಕೀ ಹಿಡಿದುಕೊಂಡು Shut down ಒತ್ತಿ. ಹಾಗೆ ಮಾಡದಿದ್ದರೆ ವಿಂಡೋಸ್ ಅರೆನಿದ್ದೆಗೆ ಹೋಗುತ್ತದೆ. ಚಾರ್ಜರ್ ತೆಗೆಯಿರಿ. ಕೆಳಗಿನ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ, ಪವರ್ ಬಟನ್ ಅನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ‘ಆಫ್ ಆಗಿದೆಯಲ್ಲ’ ಎಂದು ಬ್ಯಾಟರಿ ಬಿಡಿಸದೆ ರ‍್ಯಾಮ್‌ಗೆ ಕೈ ಹಾಕುವುದು ಮದರ್‌ಬೋರ್ಡ್‌ಗೆ ಅಪಾಯ.

ಡಿಡಿಆರ್4 ರ‍್ಯಾಮ್‌ನ ಅಂಚಿನಲ್ಲಿ 260 ಚಿನ್ನದ ಬಣ್ಣದ ಪಟ್ಟಿಗಳಿವೆ, ಒಂದರ ಮಧ್ಯದಿಂದ ಪಕ್ಕದ್ದರ ಮಧ್ಯಕ್ಕೆ ಇರುವ ದೂರ ಅರ್ಧ ಮಿಲಿಮೀಟರ್. ಇಷ್ಟು ಸಣ್ಣ ಅಳತೆಯಲ್ಲಿ ಒಂದು ಬದಿ ಕೂದಲೆಳೆಯಷ್ಟು ಹೊರಗೆ ಉಳಿದರೂ ಆಟ ಮುಗಿಯಿತು. ಹೆಚ್ಚಿನವರು ರ‍್ಯಾಮ್ ಅನ್ನು ಸ್ಲಾಟ್‌ನ ಬಾಯಿಗೆ ತಾಗಿಸಿ ತಕ್ಷಣ ಕೆಳಗೆ ಅದುಮುತ್ತಾರೆ. ಕ್ಲಿಪ್‌ಗಳು ಹೇಗೋ ಹಿಡಿದುಕೊಳ್ಳುತ್ತವೆ, ‘ಟಕ್’ ಎಂಬ ಸದ್ದೂ ಬರುತ್ತದೆ. ಆ ಸದ್ದನ್ನು ನಂಬಬೇಡಿ. ಇಲ್ಲಿ ಎರಡು ಪ್ರತ್ಯೇಕ ಚಲನೆಗಳಿವೆ. ಮೊದಲನೆಯದು ಒಳಕ್ಕೆ: ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಹಿಡಿದು, ಎರಡೂ ಹೆಬ್ಬೆರಳುಗಳನ್ನು ಎರಡು ಮೂಲೆಗಳಲ್ಲಿ ಇಟ್ಟು, ಸಮನಾಗಿ ತಳ್ಳಿ. ಇನ್ನು ಹೋಗುವುದಿಲ್ಲ ಎಂದು ಬೆರಳಿಗೆ ಗೊತ್ತಾಗುವವರೆಗೆ ತಳ್ಳಬೇಕು. ಆಗ ಬೆರಳು ತೆಗೆದರೂ ರ‍್ಯಾಮ್ ಓರೆಯಾಗಿಯೇ ನಿಂತಿರುತ್ತದೆ. ಜಾರಿದರೆ ಪೂರ್ತಿ ಹೋಗಿಲ್ಲ. ಅದಾದ ಮೇಲೆ ಎರಡನೆಯದು, ಕೆಳಕ್ಕೆ ಅದುಮುವುದು.

ಅದುಮಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಎರಡು ಜಾಗ ನೋಡಿ. ಚಿನ್ನದ ಗೆರೆ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಕಾಣುತ್ತಿದೆಯೇ? ಹಾಗಿದ್ದರೆ ಓರೆಯಾಗಿದೆ, ತೆಗೆದು ಮತ್ತೆ ಹಾಕಿ. ಎರಡು ಪಕ್ಕದ ಕ್ಲಿಪ್‌ಗಳ ಮೂಗು ರ‍್ಯಾಮ್‌ನ ಅರೆವೃತ್ತದ ಕಚ್ಚಿನೊಳಗೆ ಕೂತಿದೆಯೇ ಎಂಬುದನ್ನೂ ನೋಡಿ.

ರಬ್ಬರ್‌ನಿಂದ ಉಜ್ಜುವ ಪದ್ಧತಿ ಅಂಗಡಿಗಳಲ್ಲಿ ಬಹಳ. ನನಗೆ ಅದು ಹಿಡಿಸುವುದಿಲ್ಲ: ಚಿನ್ನದ ಲೇಪ ತೀರಾ ತೆಳು, ರಬ್ಬರ್‌ನ ಪುಡಿ ಸ್ಲಾಟ್‌ಗೆ ಬೀಳುತ್ತದೆ. ಶೇಕಡ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ನೂಲು ಬಿಡದ ಬಟ್ಟೆಗೆ ಹಾಕಿ ಒರೆಸಿ, ಆರಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್‌ನಂಥವು ಇರುತ್ತವೆ. ಬಾಗಿಲ ತುಕ್ಕು ಬಿಡಿಸುವ ಸ್ಪ್ರೇಯಂತೂ ಬೇಡವೇ ಬೇಡ.

ಮತ್ತೆ ಜೋಡಿಸಿ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇದ್ದರೆ ಎರಡು ಮೂರು ನಿಮಿಷ ಕಾಯಿರಿ. ಹೊಸ ರ‍್ಯಾಮ್ ಕಂಡಾಗ ಯಂತ್ರ ಅದನ್ನು ಮೊದಲು ಪರೀಕ್ಷಿಸಿಕೊಳ್ಳುತ್ತದೆ, ಡಿಡಿಆರ್5ರಲ್ಲಿ ಇದು ಇನ್ನೂ ನಿಧಾನ.

ಆಗಲೂ ಕಾಣದಿದ್ದರೆ ತಪ್ಪು ರ‍್ಯಾಮ್‌ನದೋ ಸ್ಲಾಟ್‌ನದೋ ಎಂದು ಬೇರ್ಪಡಿಸಬೇಕು. ಪೆರ್ಲದ ಕಡೆಯ ಮಾಸ್ತರರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ನಡೆದದ್ದನ್ನು ಹೇಳಿದರೆ ವಿಧಾನ ಸ್ಪಷ್ಟವಾಗುತ್ತದೆ. ಒಂದನೆಯ ಸ್ಲಾಟ್‌ನಲ್ಲಿ ಹಳೆಯ 4 ಜಿಬಿ, ಎರಡನೆಯದರಲ್ಲಿ ಹೊಸ 8 ಜಿಬಿ. ತೋರಿಸುತ್ತಿದ್ದುದು ನಾಲ್ಕೇ. ಹಳೆಯದನ್ನು ತೆಗೆದು, ಹೊಸದೊಂದನ್ನೇ ಒಂದನೆಯ ಸ್ಲಾಟ್‌ಗೆ ಹಾಕಿದಾಗ 8 ಜಿಬಿ ಬಂತು. ಅಲ್ಲಿಗೆ ಹೊಸ ರ‍್ಯಾಮ್ ನಿರ್ದೋಷಿ. ಅದನ್ನೂ ತೆಗೆದು, ಹಳೆಯದೊಂದನ್ನೇ ಎರಡನೆಯ ಸ್ಲಾಟ್‌ಗೆ ಹಾಕಿದಾಗ ಪರದೆ ಬರಲೇ ಇಲ್ಲ. ಎರಡನೆಯದೊಂದರಲ್ಲೇ ರ‍್ಯಾಮ್ ಇದ್ದರೆ ಚಾಲೂ ಆಗದ ಕೆಲವು ಮಾದರಿಗಳಿವೆ. ಆದ್ದರಿಂದ ಹೊಸದನ್ನು ಮತ್ತೆ ಒಂದನೆಯದಕ್ಕೆ ಹಾಕಿ, ಹಳೆಯದನ್ನು ಎರಡನೆಯದರಲ್ಲಿ ಹಾಕಿ ನೋಡಿದೆವು. ಎಂಟೇ. ಅಂದರೆ ತಪ್ಪು ಸ್ಲಾಟ್‌ನದು.

ಟಾರ್ಚ್ ಹಿಡಿದಾಗ ಸ್ಲಾಟ್‌ನ ಎಡತುದಿಯ ತಂತಿಗಳ ಮೇಲೆ ಪಾರದರ್ಶಕವಾದ ಏನೋ ಅಂಟಿಕೊಂಡಿತ್ತು. ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆ ಬಂದ ಗೆದ್ದಲಿನ ಒಂದು ರೆಕ್ಕೆ. ಫ್ಯಾನ್ ಎಳೆದುಕೊಂಡಿರಬೇಕು. ಮೃದುವಾದ ಒಣ ಬ್ರಷ್‌ನಿಂದ ಉದ್ದಕ್ಕೆ ಗುಡಿಸಿ, ಆಲ್ಕೋಹಾಲ್ ತಾಗಿಸಿ ಒಣಗಿಸಿದ ಮೇಲೆ 12 ಜಿಬಿ ತೋರಿಸಿತು. ಬಾಯಿಂದ ಊದಬೇಡಿ, ಉಗುಳಿನ ಹನಿ ರೆಕ್ಕೆಗಿಂತ ಕೆಟ್ಟದ್ದು.

ಎರಡೂ ರ‍್ಯಾಮ್‌ಗಳು ಒಂಟಿಯಾಗಿ ಎರಡೂ ಸ್ಲಾಟ್‌ಗಳಲ್ಲಿ ಓಡಿ, ಜೊತೆಯಾದಾಗ ಮಾತ್ರ ತಕರಾರು ಮಾಡಿದರೆ ಅವೆರಡಕ್ಕೆ ತಮ್ಮೊಳಗೇ ಹೊಂದುತ್ತಿಲ್ಲ. ಬಯಾಸ್ ಅಪ್‌ಡೇಟ್ ಮಾಡಿ ನೋಡಿ, ಆಗದಿದ್ದರೆ ಒಂದೇ ಮಾದರಿಯ ಜೋಡಿ ಕೊಳ್ಳಿ. ಸ್ಲಾಟ್‌ನ ತಂತಿ ಬಾಗಿದ್ದರೆ, ಅಥವಾ ಸ್ಲಾಟ್‌ನ ಪಕ್ಕ ಬೆರಳು ಒತ್ತಿ ಹಿಡಿದಾಗ ಮಾತ್ರ ರ‍್ಯಾಮ್ ಕಾಣಿಸಿದರೆ, ಬೆಸುಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಅದು ಮನೆಯ ಸೋಲ್ಡರಿಂಗ್ ಕಡ್ಡಿಯ ಕೆಲಸವಲ್ಲ. ಚಿಪ್ ಮಟ್ಟದ ರಿಪೇರಿ ಮಾಡುವವರಿಗೆ ತೋರಿಸಿ, ಸ್ಲಾಟ್ ಬದಲಿಸಲು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ. ಅವರು ಹೇಳುವ ಮೊತ್ತ ಹೊಸ 16 ಜಿಬಿ ರ‍್ಯಾಮ್‌ನ ಬೆಲೆಯ ಹತ್ತಿರ ಬಂದರೆ, ನಿಮ್ಮ ಮಾದರಿ ಒಂದೇ ಸ್ಲಾಟ್‌ನಲ್ಲಿ ಅಷ್ಟನ್ನು ತೆಗೆದುಕೊಳ್ಳುವುದಾದರೆ, ಸರಿಯಿರುವ ಸ್ಲಾಟ್‌ಗೆ ಅದನ್ನೇ ಹಾಕಿ ಸುಮ್ಮನಿರಿ. ಟೈಪಿಂಗ್, ಇಂಟರ್‌ನೆಟ್ ಕೆಲಸದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಯಂತ್ರದಲ್ಲಿ ಗೇಮ್ ಆಡುವವರಿಗೆ ಮಾತ್ರ ಒಂಟಿ ರ‍್ಯಾಮ್‌ನ ಕೊರತೆ ಕಾಣುತ್ತದೆ.