ಎಫ್‌ಡಿ ಮೇಲೆ ಕಾರ್ಡ್ ತಗೊಂಡು ಸಿಬಿಲ್ ಸ್ಕೋರ್ ಶುರು ಮಾಡಿಸಿದ್ದು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುವ ನನ್ನ ತಮ್ಮನಿಗೆ ಬೈಕ್ ಸಾಲ ಸಿಗಲಿಲ್ಲ. ಯಾವತ್ತೂ ಸಾಲವನ್ನೇ ಮಾಡಿರಲಿಲ್ಲವಲ್ಲ, ಸಿಬಿಲ್ ವರದಿಯಲ್ಲಿ ಸ್ಕೋರ್ ಜಾಗದಲ್ಲಿ NH, ಅಂದರೆ ಸಾಲದ ಇತಿಹಾಸವೇ ಇಲ್ಲ ಎಂದಷ್ಟೇ ಇತ್ತು.

ಅವನ ಹೆಸರಲ್ಲಿ 20,000 ರೂಪಾಯಿ ಎಫ್‌ಡಿ ಇಡಿಸಿ, ಅದರ ಮೇಲೆ ಕ್ರೆಡಿಟ್ ಕಾರ್ಡ್ ಮಾಡಿಸಿದೆ. ಸಂಬಳದ ಚೀಟಿ ಕೇಳಲಿಲ್ಲ. ಲಿಮಿಟ್ 16,000. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಕಾರ್ಡ್ ಕ್ಲೋಸ್ ಮಾಡುವವರೆಗೆ ಆ ದುಡ್ಡು ಮುಟ್ಟುವಂತಿಲ್ಲ. ಆಸ್ಪತ್ರೆ ಖರ್ಚಿಗೆಂದು ಎತ್ತಿಟ್ಟ ಹಣವನ್ನು ಮಾತ್ರ ಇದಕ್ಕೆ ಹಾಕಬೇಡಿ.

ಲಿಮಿಟ್ ಚಿಕ್ಕದಾದ್ದರಿಂದ ಒಂದು ತೊಡಕಿದೆ. ಬ್ಯಾಂಕ್ ಬಾಕಿಯ ವಿವರವನ್ನು ಸಿಬಿಲ್‌ಗೆ ಕಳಿಸುವ ದಿನವೇ ಬೇರೆ, ನಾವು ಬಿಲ್ ಕಟ್ಟುವ ದಿನವೇ ಬೇರೆ. ಪೆಟ್ರೋಲು, ದಿನಸಿ ಸೇರಿ 9,000 ಬಾಕಿ ಇದ್ದಾಗ ವಿವರ ಹೋದರೆ, ಆಮೇಲೆ ಪೂರ್ತಿ ಕಟ್ಟಿದರೂ ಲಿಮಿಟ್‌ನ ಅರ್ಧಕ್ಕಿಂತ ಹೆಚ್ಚು ಬಳಸಿದಂತೆ ಕಾಣುತ್ತದೆ, ಅದು ಸ್ಕೋರ್‌ಗೆ ಒಳ್ಳೆಯದಲ್ಲ. ಅದಕ್ಕೇ ಅವನು ಬಿಲ್‌ಗೆ ಕಾಯದೆ ವಾರಕ್ಕೊಮ್ಮೆ ಆ್ಯಪ್‌ನಲ್ಲಿ ಕಟ್ಟಿ, ಬಾಕಿ 4,000 ದಾಟದಂತೆ ನೋಡಿಕೊಂಡ. ಬಿಲ್ ಬಂದಾಗ ಉಳಿದದ್ದನ್ನೂ ಪೂರ್ತಿ ಕಟ್ಟುತ್ತಾನೆ. ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿದರೆ ಬೀಳುವ ಬಡ್ಡಿ ಎಫ್‌ಡಿ ಬಡ್ಡಿಯ ಎಷ್ಟೋ ಪಟ್ಟು.

ಸುಮಾರು ಆರು ತಿಂಗಳಾದ ಮೇಲೆ NH ಹೋಗಿ ಮೂರಂಕಿಯ ಸ್ಕೋರ್ ಬಂತು. ಬೈಕ್ ಸಾಲವೂ ಆಯಿತು.