ತಿಂಗಳ ಮಳೆಯಿಂದ R ಲೆಕ್ಕ ಹಾಕಿ, ದಿನದ ಮಳೆಯಿಂದ ಅದನ್ನು ಒರೆಗೆ ಹಚ್ಚುವುದು

ಮಣ್ಣು ಸವಕಳಿ ಸಮೀಕರಣದಲ್ಲಿ (A = R·K·LS·C·P) A ಎಂದರೆ ಸವಕಳಿ, K ಮಣ್ಣು ಸವೆಯುವ ಗುಣ, LS ಇಳಿಜಾರು, C ಬೆಳೆಯ ಹೊದಿಕೆ, P ಸಂರಕ್ಷಣಾ ಕ್ರಮ; R ಎಂದರೆ ಮಳೆಯ ಸವಕಳಿ ಶಕ್ತಿ. ಒಂದೊಂದು ಮಳೆಯ ಒಟ್ಟು ಶಕ್ತಿಯನ್ನು ಅದರ ಅತಿ ಜೋರಿನ 30 ನಿಮಿಷಗಳ ತೀವ್ರತೆಯಿಂದ ಗುಣಿಸಿ, ವರ್ಷವಿಡೀ ಕೂಡಿ, ಹಲವು ವರ್ಷಗಳ ಸರಾಸರಿ ತೆಗೆಯಬೇಕು. ಅದಕ್ಕೆ ನಿಮಿಷಗಳ ಲೆಕ್ಕದ ದಾಖಲೆ ಬೇಕು. ಕೈಯಲ್ಲಿ ಸಾಮಾನ್ಯವಾಗಿ ಇರುವುದು ತಿಂಗಳ ಮೊತ್ತ, ಅದೃಷ್ಟವಿದ್ದರೆ ದಿನದ ಮಳೆ.

ತಿಂಗಳ ಮೊತ್ತ ಇದ್ದಾಗ ಹೆಚ್ಚಿನವರು ಹಿಡಿಯುವುದು ಪರಿಷ್ಕೃತ ಫೋರ್ನಿಯೇ ಸೂಚ್ಯಂಕ F: ಪ್ರತಿ ತಿಂಗಳ ಮಳೆ p ಯ ವರ್ಗಗಳನ್ನು ಕೂಡಿ ವಾರ್ಷಿಕ ಮಳೆ P ಯಿಂದ ಭಾಗಿಸುವುದು; ಈ P ಮೇಲಿನ ಸಮೀಕರಣದ P ಅಲ್ಲ. ಅದನ್ನು R ಆಗಿಸಲು ರೆನಾರ್ಡ್ ಮತ್ತು ಫ್ರೈಮಂಡ್ 1994ರಲ್ಲಿ ಕೊಟ್ಟ ಸೂತ್ರ, F 55 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದಾಗ:

```
F = Σ(p²) / P
R = 95.77 - 6.081 F + 0.4770 F²
```

ಮೊದಲು ಎಡವುವುದು ಇಲ್ಲೇ. ಎರಡು ವರ್ಷಗಳ ಉದಾಹರಣೆ ತೆಗೆದುಕೊಳ್ಳಿ, ಎರಡರಲ್ಲೂ 800 ಮಿ.ಮೀ.

```
ವರ್ಷ 1: 0 0 10 20 60 220 140  60  90 150 50 0
ವರ್ಷ 2: 0 0 10 40 60  60 180 220 150  70 10 0
```

ವರ್ಷವಾರು ಲೆಕ್ಕ ಹಾಕಿದರೆ F 136 ಮತ್ತು 146.5, ಸರಾಸರಿ 141. ಮೊದಲು ತಿಂಗಳುಗಳ ಸರಾಸರಿ ತೆಗೆದು ಆಮೇಲೆ ಲೆಕ್ಕ ಹಾಕಿದರೆ 121. ಒಂದು ವರ್ಷದ ಜೋರು ತಿಂಗಳು ಇನ್ನೊಂದು ವರ್ಷದ ಸಪ್ಪೆ ತಿಂಗಳೊಂದಿಗೆ ಬೆರೆತು ಏರಿಳಿತ ಸವೆದುಹೋಗುತ್ತದೆ. R ಆಗಿಸಿದಾಗ ಸುಮಾರು 8750 ಒಂದು ಕಡೆ, 6340 ಇನ್ನೊಂದು ಕಡೆ. ವರ್ಷವಾರು ವಿಧಾನವೇ ನಿಖರ ಅನ್ನಿಸುವುದು ಸಹಜ, ಆದರೆ ಈ ಸೂತ್ರವನ್ನು ಹೊಂದಿಸಿದ್ದು ಸರಾಸರಿ ತಿಂಗಳುಗಳ ಮೇಲೆ. ಆದ್ದರಿಂದ ಇದಕ್ಕೆ ಹಾಕಬೇಕಾದ್ದು 121. ಸೂತ್ರ ಯಾವ ಬಗೆಯ F ಮೇಲೆ ಹುಟ್ಟಿತೋ ಅದನ್ನೇ ಉಣಿಸಬೇಕು.

ಆದರೂ 6340 ಅನ್ನು ನಾನು ನಂಬುವುದಿಲ್ಲ. ಅದೇ ಇಬ್ಬರು ಬರೀ ವಾರ್ಷಿಕ ಮಳೆಯಿಂದ R ಕೊಡುವ ಸೂತ್ರವನ್ನೂ ಕೊಟ್ಟಿದ್ದಾರೆ, 850 ಮಿ.ಮೀ.ಗಿಂತ ಕಡಿಮೆ ಮಳೆಗೆ R = 0.0483 P^1.610. 800 ಮಿ.ಮೀ.ಗೆ ಅದು 2280 ಅನ್ನುತ್ತದೆ. ಒಂದೇ ಜಾಗ, ಎರಡೂವರೆ ಪಟ್ಟಿಗಿಂತ ಹೆಚ್ಚು ಅಂತರ! ಎರಡೂ ಅಮೆರಿಕದ ಮಳೆ ದಾಖಲೆಗಳಿಂದ ಬಂದವು. ಮಳೆ ಕೆಲವೇ ತಿಂಗಳಲ್ಲಿ ಒತ್ತಟ್ಟಿಗೆ ಸುರಿಯುವ ಕಡೆ F ಉಬ್ಬುತ್ತದೆ, ವರ್ಗದ ಪದ ಅದನ್ನು ಇನ್ನಷ್ಟು ಉಬ್ಬಿಸುತ್ತದೆ. ಈ ಎರಡು ಸಂಖ್ಯೆ ದೂರ ನಿಂತರೆ ದಿನದ ದಾಖಲೆಗೆ ಹೋಗಲೇಬೇಕು.

ದಿನದ ಮಳೆಗೆ ಚೀನಾದಲ್ಲಿ ಹೊಂದಿಸಿದ ಈ ಮಾದರಿ ಬಳಸುತ್ತೇನೆ. 12 ಮಿ.ಮೀ.ಗಿಂತ ಕಡಿಮೆ ದಿನಗಳನ್ನು ಬಿಡಬೇಕು:

```
R = α Σ d^β
β = 0.8363 + 18.144/Pd + 24.455/Py
α = 21.586 β^(-7.1891)
```

d ಅಂದರೆ ಒಂದು ದಿನದ ಮಳೆ, Pd ಅಂದರೆ ಉಳಿದ ದಿನಗಳ ಸರಾಸರಿ ಮಳೆ, Py ಅಂದರೆ ಆ ದಿನಗಳ ವಾರ್ಷಿಕ ಮೊತ್ತದ ಸರಾಸರಿ. ನಮ್ಮ ಜಾಗದಲ್ಲಿ ಇಂಥ 24 ದಿನ, ತಲಾ 25 ಮಿ.ಮೀ. ಸರಾಸರಿ ಎಂದುಕೊಳ್ಳಿ. β 1.603, α 0.727 ಬರುತ್ತವೆ. ಎಲ್ಲ ದಿನವೂ ತಪ್ಪದೆ 25 ಮಿ.ಮೀ. ಬಿದ್ದಿದ್ದರೂ R ಸುಮಾರು 3030. β ಒಂದಕ್ಕಿಂತ ದೊಡ್ಡದು, ಹಾಗಾಗಿ ದಿನದಿಂದ ದಿನಕ್ಕೆ ಏರುಪೇರಾದಷ್ಟೂ ಮೊತ್ತ ಮೇಲಕ್ಕೇ ಹೋಗುತ್ತದೆ. ಅಂದರೆ ಈ ಮಾದರಿಯ ಪ್ರಕಾರ 2280 ಕಡಿಮೆಯಾಯಿತು. ನಿಜವಾದ ದಿನಗಳನ್ನು ಹಾಕಿದಾಗ 3030ರಿಂದ ಎಷ್ಟು ಮೇಲೆ ಹೋಗುತ್ತದೆ ಎಂಬುದೇ ಉಳಿದ ಪ್ರಶ್ನೆ. ತಿಂಗಳ ಮೊತ್ತಕ್ಕೆ ಇದು ಕಾಣುವುದೇ ಇಲ್ಲ: 140 ಮಿ.ಮೀ. ಏಳು ದಿನ 20ರಂತೆ ಬಿದ್ದರೆ R 620, ಒಂದು ದಿನ 80 ಮತ್ತು ಮೂರು ದಿನ 20 ಆದರೆ 1080, ಹದಿನಾಲ್ಕು ದಿನ 10ರಂತೆ ಬಿದ್ದರೆ ಸೊನ್ನೆ.

ಇದೇ ಗುಣ ಕೆಟ್ಟ ದಾಖಲೆಯನ್ನೂ ದೊಡ್ಡದು ಮಾಡುತ್ತದೆ. ರಜೆಯಲ್ಲಿ ಮಳೆಮಾಪಕ ನೋಡದೆ 30, 30, 20 ಸೇರಿ ಒಂದೇ ದಿನಕ್ಕೆ 80 ಎಂದು ಬರೆದಿದ್ದರೆ ಆ ಮಳೆಯ ಪಾಲು ಸುಮಾರು 1.9 ಪಟ್ಟಾಗುತ್ತದೆ. ಹಿಡಿಯುವುದು ಸುಲಭ: ದೊಡ್ಡ ಸಂಖ್ಯೆಯ ಹಿಂದೆ ಖಾಲಿ ಅಥವಾ ಸೊನ್ನೆ ದಿನಗಳು, ಆ ಖಾಲಿ ದಿನಗಳಲ್ಲೇ ಸುತ್ತಲಿನ ಮಾಪಕಗಳಲ್ಲಿ ಮಳೆ. ಅಂಥದ್ದನ್ನು ಪಕ್ಕದ ಮಾಪಕದ ಅನುಪಾತದಲ್ಲಿ ಹಂಚುತ್ತೇನೆ. ಬೆಳಗಿನ ಓದು ಒಂದೇ ಮಳೆಯನ್ನು ಎರಡು ದಿನಕ್ಕೆ ಸೀಳುವುದನ್ನು ಮಾತ್ರ ಮುಟ್ಟುವುದಿಲ್ಲ. ಸೂತ್ರ ಹೊಂದಿಸುವಾಗಲೂ ದಿನದ ದಾಖಲೆಯಲ್ಲಿ ಅಂಥ ಸೀಳುಗಳು ಇದ್ದವು.

ಕೊನೆಗೆ ಏಕಮಾನ. ಮೇಲಿನವೆಲ್ಲ MJ·mm/(ha·h·yr). ಹಳೆಯ ಅಮೆರಿಕನ್ ಅಳತೆಯ R ಇದ್ದರೆ 17.02ರಿಂದ ಗುಣಿಸಬೇಕು, ಅದೇ ಅಳತೆಯ K ಅನ್ನು 0.1317ರಿಂದ. K ಬದಲಿಸಲು ಮರೆತರೆ ಸವಕಳಿ ಏಳೂವರೆ ಪಟ್ಟು ಹೆಚ್ಚು ಬರುತ್ತದೆ. ಹೆಕ್ಟೇರಿಗೆ ನೂರಾರು ಟನ್ ಕಂಡಾಗ ನಾನು ಮೊದಲು ನೋಡುವುದು ಮಳೆಯನ್ನಲ್ಲ, K ಯನ್ನು.