ಶುಷ್ಕ ಗಾಳಿ ನೂರು ಮೀಟರ್ ಏರಿದರೆ ಒಂದು ಡಿಗ್ರಿ ತಣಿಯುವುದೇಕೆ: ನಾನು ಲೆಕ್ಕ ಬಿಡಿಸಿದ ಬಗೆ

ರಾಯಚೂರಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುವಾಗ, ಹೊರಗಿನೊಡನೆ ಉಷ್ಣದ ಕೊಡುಕೊಳ್ಳುವಿಕೆ ಇಲ್ಲದೆ ಏರುವ ಒಣ ಗಾಳಿ ತಣಿಯುವ ದರ, ಅಂದರೆ ಶುಷ್ಕ ಅಡಿಯಾಬ್ಯಾಟಿಕ್ ಲ್ಯಾಪ್ಸ್ ರೇಟ್‌ನ ಸೂತ್ರವನ್ನು ಬರೆಯುವುದಕ್ಕೂ ಮೊದಲು ನಾನು ಉತ್ತರವನ್ನು ಅವರಿಂದಲೇ ಊಹಿಸಿಸುತ್ತೇನೆ. ಹೆಚ್ಚಿನವರು ಹೇಳುವುದು ಒಂದೇ ಮಾತು: ಒಂದು ಕಿಲೋಗ್ರಾಂ ಗಾಳಿ 100 ಮೀಟರ್ ಏರಿದರೆ ಅದರ ಪ್ರಚ್ಛನ್ನ ಶಕ್ತಿ 980 ಜೌಲ್ ಹೆಚ್ಚುತ್ತದೆ, ಆ ಶಕ್ತಿ ಅದರ ಆಂತರಿಕ ಶಕ್ತಿಯಿಂದಲೇ ಬರಬೇಕು. ಸ್ಥಿರ ಗಾತ್ರದ ವಿಶಿಷ್ಟ ಉಷ್ಣ cv ಕಿಲೋಗ್ರಾಂಗೆ, ಡಿಗ್ರಿಗೆ 718 ಜೌಲ್ ಆದ್ದರಿಂದ, ಈ ದಾರಿಯಲ್ಲಿ ಹೋದರೆ 100 ಮೀಟರಿಗೆ 1.36 ಡಿಗ್ರಿ ಇಳಿಕೆ ಬರುತ್ತದೆ. ನಿಜವಾದ ಬೆಲೆ 0.98. ಉತ್ತರಪತ್ರಿಕೆಯಲ್ಲಿ ಕಿಲೋಮೀಟರಿಗೆ 13.6 ಎಂಬ ಸಂಖ್ಯೆ ಕಂಡರೆ ಸ್ಥಿರ ಒತ್ತಡದ ವಿಶಿಷ್ಟ ಉಷ್ಣ cp ಇರಬೇಕಾದ ಕಡೆ cv ಬಂದಿದೆ ಎಂದು ತಕ್ಷಣ ತಿಳಿಯುತ್ತದೆ. ಆದರೆ ಅಕ್ಷರ ತಿದ್ದಿದ ಮಾತ್ರಕ್ಕೆ ಊಹೆಯಲ್ಲಿನ ತೊಡಕು ಬಿಡಿಸಿದಂತಾಗುವುದಿಲ್ಲ.

ಆದ್ದರಿಂದ ನಾನು ಉಷ್ಣಗತಿಶಾಸ್ತ್ರದ ಮೊದಲನೆಯ ನಿಯಮದಿಂದಲೇ ಆರಂಭಿಸುತ್ತೇನೆ. ಒಂದು ಕಿಲೋಗ್ರಾಂ ಗಾಳಿಯ ಗಾತ್ರ α ಆಗಿರಲಿ. ಹೊರಗಿನಿಂದ ಉಷ್ಣ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದಾದರೆ

cv dT + p dα = 0

ಇಲ್ಲಿ dα ಅಳೆಯಲು ಸಿಗುವ ರಾಶಿಯಲ್ಲ, ಒತ್ತಡ ಸಿಗುತ್ತದೆ. R ಗಾಳಿಯ ಅನಿಲ ಸ್ಥಿರಾಂಕವಾದರೆ, ಆದರ್ಶ ಅನಿಲಕ್ಕೆ pα = RT ಆದ್ದರಿಂದ p dα = R dT − α dp; cv + R = cp (718 + 287 = 1005) ಎಂದು ಸೇರಿಸಿದರೆ

cp dT = α dp

ಇನ್ನು ಹೈಡ್ರೋಸ್ಟಾಟಿಕ್ ಸಮತೋಲನ: ತೆಳುವಾದ ಒಂದು ಪದರದ ತೂಕವನ್ನು ಅದರ ಕೆಳಗಿನ ಮತ್ತು ಮೇಲಿನ ಒತ್ತಡಗಳ ವ್ಯತ್ಯಾಸವೇ ಹೊರುತ್ತದೆ, ಅಂದರೆ dp = −ρg dz. ಇದನ್ನು ಮೇಲಿನ ಸಮೀಕರಣದಲ್ಲಿ ಇಟ್ಟಾಗ αρ = 1 ಎಂದು ಸಾಂದ್ರತೆ ಮಾಯವಾಗಿ, dT/dz = −g/cp = −9.8/1005, ಅಂದರೆ ಕಿಲೋಮೀಟರಿಗೆ 9.75, ಸುಮಾರು 9.8 ಡಿಗ್ರಿ ಇಳಿಕೆ ಎಂದು ಬರುತ್ತದೆ.

ಟಿಪ್ಪಣಿಗಳಲ್ಲಿ ಸದ್ದಿಲ್ಲದೆ ದಾಟಿಬಿಡುವ ಈ αρ = 1 ಎಂಬ ಹೆಜ್ಜೆಯಲ್ಲಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. α ಏರುತ್ತಿರುವ ಗಾಳಿಯದು, ρ ಸುತ್ತಲಿನ ಗಾಳಿಯದು. ಎರಡರ ಒತ್ತಡ ಒಂದೇ ಆದ್ದರಿಂದ ಅವುಗಳ ಗುಣಲಬ್ಧ ಕೆಲ್ವಿನ್ ಉಷ್ಣತೆಗಳ ಅನುಪಾತವಾಗುತ್ತದೆ. ಸುತ್ತಲಿನ ಗಾಳಿ 313 ಕೆಲ್ವಿನ್, ಏರುವ ಗಾಳಿ 315 ಕೆಲ್ವಿನ್ ಇದ್ದರೆ ಅನುಪಾತ 1.006, ಅದರಿಂದಾಗುವ ವ್ಯತ್ಯಾಸ ಕಿಲೋಮೀಟರಿಗೆ 0.06 ಡಿಗ್ರಿ ಮಾತ್ರ. ಹೀಗೆ ತೋರಿಸಿದ ಮೇಲೆ ಅದನ್ನು ಕೈಬಿಡಲು ಹಕ್ಕು ಬರುತ್ತದೆ.

ಈಗ ಮೊದಲಿನ 980 ಜೌಲ್‌ಗೆ ಮರಳಬಹುದು. 0.975 ಡಿಗ್ರಿ ತಣಿದ ಒಂದು ಕಿಲೋಗ್ರಾಂ ಗಾಳಿ ಕಳೆದುಕೊಂಡ ಆಂತರಿಕ ಶಕ್ತಿ 718 × 0.975, ಅಂದರೆ 700 ಜೌಲ್. ಈ 700 ಜೌಲ್ ಎತ್ತರಕ್ಕಾಗಿ ಖರ್ಚಾದದ್ದಲ್ಲ. ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ಹಿಂದಕ್ಕೆ ತಳ್ಳಿದ ಕೆಲಸಕ್ಕೆ ಹೋದದ್ದು. ಎತ್ತುವ 980 ಜೌಲ್ ಕೆಲಸವನ್ನು ಮಾಡಿದ್ದು ಸುತ್ತಲಿನ ಒತ್ತಡ, ಅಂದರೆ ತೇಲುಬಲ. ಲೆಕ್ಕ ಕೂಡಿಸಿದರೆ ಸುತ್ತಲಿನ ಗಾಳಿ 980 ಕೊಟ್ಟು 700 ಪಡೆದಿದೆ. ಉಳಿದ 280 ಜೌಲ್ ಎಂಬುದು R ಅನ್ನು 0.975 ರಿಂದ ಗುಣಿಸಿದರೆ ಬರುವ ಸಂಖ್ಯೆಯೇ. ಮೇಲಕ್ಕೆ ಎಸೆದ ಕಲ್ಲಿಗೆ ಈ ಕೊಡುಕೊಳ್ಳುವಿಕೆ ಇಲ್ಲ. ಅದಕ್ಕೇ ಕಲ್ಲಿನ ಲೆಕ್ಕವನ್ನು ಗಾಳಿಗೆ ಹಚ್ಚಿದರೆ 13.6 ಬರುತ್ತದೆ.

ಇದನ್ನು ಬೆಟ್ಟ ಹತ್ತಿ ಥರ್ಮಾಮೀಟರ್‌ನಿಂದ ಪರೀಕ್ಷಿಸಬಹುದೇ ಎಂದು ಹುಡುಗರು ಕೇಳುತ್ತಾರೆ. ಆನೆಗೊಂದಿ ಬಳಿಯ ಅಂಜನಾದ್ರಿಗೆ ಮೆಟ್ಟಿಲುಗಳಿವೆ, ಹತ್ತುವುದು ಸುಲಭ. ಆದರೆ ಬುಡದಲ್ಲೂ ತುದಿಯಲ್ಲೂ ಅಳೆದಾಗ ಸಿಗುವುದು ಅಲ್ಲಲ್ಲಿ ಇರುವ ಗಾಳಿಯ ಉಷ್ಣತೆ, ಏರುತ್ತ ಹೋದ ಒಂದೇ ಗಾಳಿಯದಲ್ಲ. ಬೆಳಗಿನ ಜಾವ ನೆಲ ತಣ್ಣಗಿರುವಾಗ ತುದಿಯೇ ಬೆಚ್ಚಗಿರಲೂಬಹುದು. ಮಧ್ಯಾಹ್ನ ಬಂಡೆ ಕಾದಿರುವಾಗ ನೆಲಕ್ಕೆ ಅಂಟಿದ ಗಾಳಿ ಸೂತ್ರಕ್ಕಿಂತ ಹೆಚ್ಚಿನ ಇಳಿಕೆಯನ್ನು ತೋರಿಸುತ್ತದೆ. ಗಾಳಿ ಬೀಸಿ ಪದರಗಳೆಲ್ಲ ಚೆನ್ನಾಗಿ ಬೆರೆತ ಬೇಸಿಗೆಯ ಇಳಿಹೊತ್ತಿನಲ್ಲಿ, ನೆರಳಿನಲ್ಲಿ, ನೆಲದಿಂದ ಎತ್ತರಿಸಿ ಹಿಡಿದು ಅಳೆದರೆ ಮಾತ್ರ 9.8 ರ ಹತ್ತಿರ ಬರುವ ನಿರೀಕ್ಷೆ ಇಟ್ಟುಕೊಳ್ಳಬಹುದು.

ಸೂತ್ರ ಎಷ್ಟು ಎತ್ತರದವರೆಗೆ ನಡೆಯುತ್ತದೆ ಎಂಬುದನ್ನು ನಮ್ಮ ಬೇಸಿಗೆಯ ಉದಾಹರಣೆಯಿಂದಲೇ ಲೆಕ್ಕ ಹಾಕಿಸುತ್ತೇನೆ. ಏಪ್ರಿಲ್ ಮಧ್ಯಾಹ್ನ ಉಷ್ಣತೆ 40 ಡಿಗ್ರಿ, ಗಾಳಿಯಲ್ಲಿನ ಆವಿ ನೀರಾಗತೊಡಗುವ ಉಷ್ಣತೆಯಾದ ಇಬ್ಬನಿ ಬಿಂದು 16 ಡಿಗ್ರಿ ಎಂದಿಟ್ಟುಕೊಳ್ಳೋಣ. ಏರುವಾಗ ಇಬ್ಬನಿ ಬಿಂದುವೂ ಕಿಲೋಮೀಟರಿಗೆ ಸುಮಾರು 1.8 ಡಿಗ್ರಿ ಇಳಿಯುವುದರಿಂದ, 24 ಡಿಗ್ರಿಯ ಅಂತರ ಕಿಲೋಮೀಟರಿಗೆ 8 ರಂತೆ ಕರಗಿ 3 ಕಿಲೋಮೀಟರ್ ಎತ್ತರದಲ್ಲಿ ಎರಡೂ 10.6 ಡಿಗ್ರಿಗೆ ಕೂಡುತ್ತವೆ. ಅಲ್ಲಿ ಮೋಡದ ಬುಡ. ಜುಲೈನಲ್ಲಿ 31 ಮತ್ತು 23 ಎಂದಾದರೆ ಮೋಡದ ಬುಡ ಒಂದೇ ಕಿಲೋಮೀಟರ್ ಮೇಲಿರುತ್ತದೆ. ಅಲ್ಲಿಂದಾಚೆ ಆವಿ ನೀರಾಗುವಾಗ ಬಿಡುವ ಉಷ್ಣವನ್ನು ಮೊದಲ ಸಮೀಕರಣದ ಬಲಬದಿಯ ಸೊನ್ನೆಯ ಜಾಗದಲ್ಲಿ ಬರೆಯಬೇಕು, ಮತ್ತು ಅಷ್ಟು ಬೆಚ್ಚಗಿನ ತೇವದ ಗಾಳಿಯಲ್ಲಿ ಇಳಿಕೆಯ ದರ 9.8 ರ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.